ಪೂಜೆಯ ಕೋಸಂಬರಿ

ಇಬ್ಬರು ಹುಡುಗಿಯರಿಗೆ ವಾಂತಿಭೇದಿಯಾದ ಮೇಲೆ, ನಾಗಮಂಗಲದ ಹಾಸ್ಟೆಲಿನ ವಾರ್ಡನ್ ಆಗಿದ್ದ ನಾನು ಪೋಷಕರಿಗೆಲ್ಲ ಕಾಗದ ಬರೆದೆ. ಪರೀಕ್ಷೆ ಮುಗಿಯುವವರೆಗೆ ಬೀದಿಯ ಜ್ಯೂಸು, ಹೆಚ್ಚಿಟ್ಟ ಸೌತೆಕಾಯಿ, ಹಸಿ ಮೊಳಕೆಕಾಳು ಬೇಡ. ಮೊಳಕೆಯೊಳಗಿನ ಸೋಂಕು ತೊಳೆದರೂ ಹೋಗುವುದಿಲ್ಲ. ಕಳಿಸಿದ ಮೇಲೂ ನೆಮ್ಮದಿಯಿಲ್ಲ. ಗಳಿಗೆಗೊಮ್ಮೆ ಗೇಟಿಗೆ ಹೋಗಿ ಹುಡುಗಿಯರ ಚೀಲ ತಡಕುತ್ತಿದ್ದೆ.

ಶುಕ್ರವಾರ ಬಿಂಡಿಗನವಿಲೆಯಿಂದ ಬಂದ ತಾಯಿಯೊಬ್ಬರ ಡಬ್ಬಿಯಲ್ಲಿ ಮೊಳಕೆ ಹುರುಳಿ ಕಂಡು ರೇಗಿಬಿಟ್ಟೆ.

“ಕಾಗದ ಓದಲಿಲ್ವೇನಮ್ಮ?”

“ಓದ್ದೆ ಮೇಡಮ್ನೋರೆ. ಅದ್ಕೇ ಚೆನ್ನಾಗಿ ಬೇಯ್ಸಿ ತಂದಿವ್ನಿ.”

ಡಬ್ಬಿ ಇನ್ನೂ ಬಿಸಿಯಿತ್ತು. ನಾಚಿಕೆಯಾಗಿ, ಬೆಳಿಗ್ಗೆಯಿಂದ ಹುಡುಗಿಯರಿಗೆಲ್ಲ ಹಂಚಿದ್ದ ಪೂಜೆಯ ಸೌತೆಕಾಯಿ ಕೋಸಂಬರಿಯನ್ನು ಅವರ ಅಂಗೈಗೂ ಹಾಕಿದೆ.

ಅವರು ಕಣ್ಣಿಗೊತ್ತಿಕೊಂಡರು, ಬಾಯಿಗಿಡಲಿಲ್ಲ.

“ಇದು ಬೆಂದೈತಾ ಮೇಡಮ್ನೋರೆ?”