ಐವರು ಸೇರಬೇಕೆಂದು ನಾನೇ ಬರೆದ ನಿಯಮ

ಯುದ್ಧದ ವರ್ಷಗಳಲ್ಲಿ ಸರಕಾರಿ ಧಾನ್ಯದ ಅಂಗಡಿಗಳ ಮುಂದೆ ದಿನವೂ ಜಗಳವಾಗುತ್ತಿತ್ತು. ದೂರುಗಳನ್ನು ಕೇಳಿ ಸಲಹೆ ಕೊಡಲು ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರಿಗೆ ಸೇರಿ ಒಂದೇ ಸಮಿತಿ ರಚಿಸಬೇಕೆಂದು ರಾಯಚೂರಿನಿಂದ ಹುಕುಂ ಬಂತು. ಅದರ ನಿಯಮಾವಳಿಯ ಕರಡನ್ನು ಬರೆಯುವ ಕೆಲಸ ನನಗೆ ಬಿತ್ತು. ನಾನು ಆಗ ಲಿಂಗಸುಗೂರಿನ ಉಪವಿಭಾಗ ಕಚೇರಿಯಲ್ಲಿ ಗುಮಾಸ್ತ.

ಕರಡನ್ನು ಆಗಿನ ಕಚೇರಿ ಭಾಷೆಯಾದ ಉರ್ದುವಿನಲ್ಲಿ ಬರೆದೆ, ಪ್ರತಿಯೊಂದು ಸಾಲನ್ನೂ ತೂಗಿ ಬರೆದೆ. ಉದ್ದೇಶ: ದೂರು ವಿಚಾರಿಸುವುದು, ಸಲಹೆ ನೀಡುವುದು, ಶಿಕ್ಷೆ ವಿಧಿಸುವ ಅಧಿಕಾರವಿಲ್ಲ. ಸದಸ್ಯರು: ಪ್ರತಿ ಊರಿನಿಂದ ಒಬ್ಬ ವ್ಯಾಪಾರಿ, ಒಬ್ಬ ರೈತ, ಜೊತೆಗೆ ಕಾರ್ಯದರ್ಶಿಯಾಗಿ ನಾನು, ಒಟ್ಟು ಏಳು ಜನ. ಸಭೆ: ತಿಂಗಳಿಗೊಮ್ಮೆ, ಮೂರೂ ಊರುಗಳಲ್ಲಿ ಸರದಿಯಂತೆ. ಕೋರಂ: ಐದು ಜನ. ವರದಿ: ನಮ್ಮ ಉಪವಿಭಾಗದ ಅಧಿಕಾರಿಗಳ ಮೂಲಕ ರಾಯಚೂರಿನ ತಾಲ್ಲೂಕುದಾರರಿಗೆ, ಅಂದರೆ ಜಿಲ್ಲೆಯ ದೊಡ್ಡ ಅಧಿಕಾರಿಗಳಿಗೆ.

ಕೋರಂ ಐದೆಂದು ಬರೆದುದಕ್ಕೆ ಕಾರಣವಿತ್ತು. ಹಿಂದಿನ ಸಮಿತಿಯಲ್ಲಿ ಲಿಂಗಸುಗೂರಿನ ಮೂವರು ಕುಳಿತು ಮಸ್ಕಿಯ ದೂರುಗಳನ್ನು ಓದದೆಯೇ ಕಟ್ಟಿಟ್ಟಿದ್ದರು. ಅದರ ಕಾರ್ಯದರ್ಶಿ ದಫ್ತರವನ್ನು ಯಾರಿಗೂ ಒಪ್ಪಿಸದೆ ಹೊರಟುಹೋಗಿದ್ದ. ಆದ್ದರಿಂದ ಇನ್ನೊಂದು ಕಲಮನ್ನೂ ಸೇರಿಸಿದೆ: ಕೋರಂ ಇರುವ ಸಭೆ ಠರಾವು ಮಾಡಿದ ಮೇಲಷ್ಟೇ ಕಾರ್ಯದರ್ಶಿಗೆ ಬಿಡುಗಡೆ.

ನಮ್ಮ ಉಪವಿಭಾಗದ ಸಾಹೇಬರ ಪೇಶಕಾರರು, ಅವರ ಮುಂದೆ ಕಡತಗಳನ್ನು ಓದುವವರು, ಕರಡನ್ನು ಕಂಡು ನಕ್ಕರು. “ಕೋರಂ ಇಲ್ದ ಸಭಾ ಮುಂದೂಡಿದ್ರ, ಮರುಸಭಾಕ್ಕ ಕೋರಂ ಬ್ಯಾಡಂತ ಒಂದ್ ಮಾತ್ ಹಾಕ್ರೀ. ಎಲ್ಲಾ ಕಡೆ ಹಂಗs ಇರ್ತೈತಿ.”

“ಹಂಗ ಹಾಕಿದ್ರ ಮತ್ತ ಮೂರ್ ಮಂದೀದs ರಾಜ್ಯ ಆಗ್ತೈತ್ರೀ.”

“ನಿಮ್ಮ ಕಾನೂನು ನಿಮ್ಮನ್ನs ಹಿಡಕೊಂಡೀತು, ಜೋಕೆ.”

ಆ ನಗೆಯನ್ನು ನಾನು ಇಂದಿಗೂ ಮರೆತಿಲ್ಲ. ರಾಯಚೂರಿನಿಂದ ಒಂದಕ್ಷರವೂ ಬದಲಾಗದೆ ಮಂಜೂರಾತಿ ಬಂತು.

ಎರಡು ವರ್ಷ ಸಮಿತಿ ನಡೆಯಿತು. ಸಭೆಗೆ ಐವರು ಹೇಗೋ ಸೇರುತ್ತಿದ್ದರು. ಆಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ನನ್ನ ಹೆಂಡತಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ; ಮದುವೆಯಾದಾಗಿನಿಂದ ನಾವು ರಜೆಗಳಲ್ಲಷ್ಟೇ ಒಂದೇ ಸೂರಿನ ಕೆಳಗಿದ್ದವರು. ಒಂದು ತಿಂಗಳೊಳಗೆ ಹಾಜರಾಗದಿದ್ದರೆ ಆ ಜಾಗ ಬೇರೊಬ್ಬರ ಪಾಲು. ಆದರೆ ಸಮಿತಿಯ ಬಿಡುಗಡೆ ಪತ್ರವಿಲ್ಲದೆ ಕಳಿಸುವುದಿಲ್ಲವೆಂದು ಸಾಹೇಬರು ಹೇಳಿದರು.

ಆ ತಿಂಗಳ ಸಭೆ ಮಸ್ಕಿಯದು. ಅಲ್ಲಿಯ ಇಬ್ಬರು ಬಂದೇ ಬರುತ್ತಿದ್ದರು, ಲಿಂಗಸುಗೂರಿನ ವ್ಯಾಪಾರಿ ಒಪ್ಪಿದ್ದ. ಲಿಂಗಸುಗೂರಿನ ರೈತ ಬಿತ್ತನೆ ಬಿಟ್ಟು ಬರಲಾರೆನೆಂದ. ನನ್ನನ್ನೂ ಸೇರಿಸಿದರೆ ನಾಲ್ವರು. ಐದನೆಯವರಿಗಾಗಿ ಸಿಂಧನೂರಿಗೆ ಹೋದೆ. ಅಲ್ಲಿಯ ವ್ಯಾಪಾರಿ ಚಹಾ ತರಿಸಿ ನನ್ನ ಮಾತನ್ನೆಲ್ಲ ಕೇಳಿದ. ಅವನ ಪಕ್ಕದಲ್ಲಿ ಆ ಊರಿನ ರೈತ ಸದಸ್ಯನೂ ಇದ್ದ.

“ನಾವು ಬಂದ್ರ ನೀವ್ ಹೋಗ್ತೀರಿ. ನಿಮ್ಮ ಜಾಗಾಕ್ಕ ಯಾರ್ ಬರ್ತಾರ್ರೀ?” ಎಂದ ವ್ಯಾಪಾರಿ.

“ಸರಕಾರ ಕಳಸ್ತೈತಿ.”

“ಸರಕಾರ ಕಳಿಸಿದಾಂವ ಹಿಂದಿನಾಂವ್ನಂಗ ಮಾಡಿದ್ರ? ನಮ್ಮ ದೂರು ಕೇಳಾಂವ್ರು ನೀವೊಬ್ರs.”

“ನನ್ನ ಸಂಸಾರ ರಾಯಚೂರಾಗೈತಿ, ಸಾವಕಾರ್ರ.”

ರೈತ ಗಹಗಹಿಸಿ ನಕ್ಕ. “ಅಮ್ಮಾರ್ನ ಇಲ್ಲಿಗೇ ಕರ್ಕೊಂಡ್ ಬರ್ರೀ! ಅವ್ರಿಗೆ ಸಾಲಿ ನಾವs ತೆಗಿಸಿ ಕೊಡ್ತೀವಿ.”

ಮಸ್ಕಿಯ ಸಭೆಯಲ್ಲಿ ನಾವು ನಾಲ್ವರು ಹೊತ್ತು ಇಳಿಯುವ ತನಕ ರಸ್ತೆ ನೋಡುತ್ತ ಕುಳಿತೆವು. ಯಾರೂ ಬರಲಿಲ್ಲ. “ಕೋರಂ ಇಲ್ಲದ ಕಾರಣ ಸಭೆ ನಡೆಯಲಿಲ್ಲ” ಎಂದು ನಡಾವಳಿಯಲ್ಲಿ ನಾನೇ ಬರೆದು ಸಹಿ ಮಾಡಿದೆ.

ಪೇಶಕಾರರು ದಾರಿಯೊಂದನ್ನು ತೋರಿಸಿದರು: “ಸಿಂಧನೂರಿಗೆ ಹೋಗಿ ಮನ್ಯಾಗs ಒಬ್ರ ಸಹಿ ತಗೋರಿ. ಯಾರ್ ನೋಡ್ತಾರ?” ಹಾಜರಿದ್ದವರ ಸಹಿ ಮಾತ್ರ ಎಂದು ಬರೆದವನು ನಾನು, ಬಾರದವನನ್ನು ಬಂದನೆಂದು ತೋರಿಸಲು ಕೈ ಏಳಲಿಲ್ಲ. ನಿಯಮವನ್ನು ಈ ಬಾರಿಗೆ ಸಡಿಲಿಸಬೇಕೆಂದು ತಾಲ್ಲೂಕುದಾರರಿಗೆ ಅರ್ಜಿ ಬರೆದೆ. ಅದು ಸಾಹೇಬರ ಮೂಲಕವೇ ಹೋಗಿ, ಅವರ ಮೂಲಕವೇ ಹಿಂದಿರುಗಿತು. ಅಂಚಿನಲ್ಲಿ ಒಂದೇ ಸಾಲು: ಸಮಿತಿಯ ಮುಂದಿಟ್ಟು ಅಭಿಪ್ರಾಯ ಪಡೆಯತಕ್ಕದ್ದು. ಅಷ್ಟರಲ್ಲಿ ಗಡುವು ಮುಗಿದಿತ್ತು.

ಮರುತಿಂಗಳು ಸಿಂಧನೂರಿನ ಸಭೆಗೆ ಏಳೂ ಜನ ಹಾಜರು. ಕಾರ್ಯದರ್ಶಿಯ ಸೇವೆಯನ್ನು ಮೆಚ್ಚಿ, ಅವರನ್ನೇ ಮುಂದುವರಿಸಬೇಕೆಂದು ಠರಾವು ಮಂಡಿಸಿದವನು ಆ ವ್ಯಾಪಾರಿ, ಅನುಮೋದಿಸಿದವನು ಆ ರೈತ. ಇಬ್ಬರೂ ಅದನ್ನು ಪ್ರೀತಿ ಎಂದೇ ಕರೆದರು. ಅವರ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ನಾನು ಇಬ್ಬರನ್ನೂ ಕ್ಷಮಿಸಿಲ್ಲ. ಠರಾವನ್ನು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದುಕೊಂಡೆ, ಏಳು ಸಹಿಗಳನ್ನು ಪಡೆದೆ. ಆಮೇಲೆ ಅದೇ ಮೇಜಿನ ಮೇಲೆ ಹೆಂಡತಿಗೆ ಈ ವರ್ಷವೂ ಬರಲಾಗದೆಂದು ಕಾಗದ ಬರೆಯಲು ಕುಳಿತೆ. ಏಕೆಂಬುದನ್ನು ಅವಳಿಗೆ ತಿಳಿಸಲು ನಿಯಮಾವಳಿಯನ್ನು ಪೂರ್ತಿ ನಕಲು ಮಾಡಬೇಕಾಯಿತು.