ಸೆಕೆಂಡಮ್ಮನ ಮೊದಲ ಅರ್ಧ ನಿಮಿಷ

ನಾನು ಮೂವತ್ತೊಂದು ವರ್ಷ ಜೀವರಸಾಯನಶಾಸ್ತ್ರ ಕಲಿಸಿದ ಕಾಲೇಜಿನಲ್ಲಿ ಪ್ರಯೋಗಾಲಯದ ಕೆಲಸವನ್ನು ನಿಜವಾಗಿ ಬಲ್ಲವರು ಒಬ್ಬರೇ ಇದ್ದರು. ಅವರ ಹುದ್ದೆ ‘ತಾತ್ಕಾಲಿಕ ಸಹಾಯಕಿ’. ಹತ್ತೊಂಬತ್ತು ವರ್ಷ ತಾತ್ಕಾಲಿಕ! ಈ ಅಂಕಿಯಲ್ಲಿ ಉತ್ಪ್ರೇಕ್ಷೆಯಿಲ್ಲ. ಹಾಜರಿ ಪುಸ್ತಕಗಳನ್ನು ನಾನೇ ನೋಡಿದ್ದೇನೆ. ಕೊರಳಲ್ಲಿ ಸದಾ ಸ್ಟಾಪ್‌ವಾಚ್ ತೂಗುತ್ತಿದ್ದುದರಿಂದ ವಿದ್ಯಾರ್ಥಿಗಳು ಅವರನ್ನು ಸೆಕೆಂಡಮ್ಮ ಎಂದು ಕರೆಯುತ್ತಿದ್ದರು.

ಕಿಣ್ವದ, ಅಂದರೆ ಎನ್‌ಜೈಮಿನ, ಪ್ರಯೋಗವಿದ್ದ ದಿನ ಅವರ ಶಿಸ್ತು ನೋಡಬೇಕಿತ್ತು. ಬಣ್ಣವಿಲ್ಲದ ದ್ರಾವಣ ಬಿಸಿನೀರಿನ ತೊಟ್ಟಿಯಲ್ಲಿ ಕಾಯುತ್ತಿರಬೇಕು. ಕಿಣ್ವ ಮಾತ್ರ ಮಂಜುಗಡ್ಡೆಯ ಮೇಲೆ. ಎರಡನ್ನೂ ಬೆರೆಸಿದೊಡನೆ ದ್ರಾವಣ ಹಳದಿಯಾಗತೊಡಗುತ್ತದೆ. ಆ ಹಳದಿ ಎಷ್ಟು ವೇಗವಾಗಿ ಏರುತ್ತದೆ ಎಂಬುದೇ ಕ್ರಿಯೆಯ ವೇಗ. ಯಾರಾದರೂ ಕಿಣ್ವವನ್ನೂ ಬಿಸಿನೀರಿಗೆ ಇಳಿಸಿದರೆ ಸೆಕೆಂಡಮ್ಮ ರೇಗುತ್ತಿದ್ದರು: “ಅಯ್ಯೋ ಪುಣ್ಯಾತ್ಮ, ಓಟ ಶುರುವಾಗೋಕೆ ಮುಂಚೆನೇ ಓಡೋನನ್ನ ಸುಸ್ತು ಮಾಡಿಬಿಟ್ಯಲ್ಲೋ!”

ಕೊನೆಗೊಮ್ಮೆ ಕಾಯಂ ಹುದ್ದೆ ಮಂಜೂರಾಯಿತು. ಆಯ್ಕೆ ಸಮಿತಿಯಲ್ಲಿ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಮತ್ತು ನಾನು. ಅಭ್ಯರ್ಥಿಗಳು ಇಬ್ಬರು: ಸೆಕೆಂಡಮ್ಮ, ಮತ್ತು ಆಗಷ್ಟೇ ಪದವಿ ಮುಗಿಸಿದ್ದ ಒಬ್ಬ ತರುಣ. ಪ್ರಶ್ನೆ ಒಂದೇ: ನಲವತ್ತು ಡಿಗ್ರಿ, ಐವತ್ತೈದು ಡಿಗ್ರಿ, ಇವೆರಡರಲ್ಲಿ ಕಿಣ್ವದ ಆರಂಭಿಕ ವೇಗ ಎಲ್ಲಿ ಹೆಚ್ಚು? ಮಾಡಿ ತೋರಿಸಿ.

ತರುಣ, ಮುಖ್ಯಸ್ಥರೇ ಬರೆದಿದ್ದ ಪ್ರಯೋಗದ ಕೈಪಿಡಿಯಂತೆ ನಡೆದುಕೊಂಡ. ಐದು ನಿಮಿಷ ಬಿಟ್ಟು ಒಂದೇ ಅಳತೆ ತೆಗೆದ. ಹಳದಿಯ ಗಾಢತೆ ಅಳೆಯುವ ವರ್ಣಮಾಪಕ ನಲವತ್ತರಲ್ಲಿ 0.58 ತೋರಿಸಿತು, ಐವತ್ತೈದರಲ್ಲಿ 0.27. ಐದರಿಂದ ಭಾಗಿಸಿ, “ನಲವತ್ತರಲ್ಲೇ ಹೆಚ್ಚು ಸರ್” ಎಂದ. ಮುಖ್ಯಸ್ಥರ ಮುಖ ಅರಳಿತು.

ಸೆಕೆಂಡಮ್ಮ ಅರ್ಧ ನಿಮಿಷಕ್ಕೇ ಮೊದಲ ಅಳತೆ ಬರೆದುಕೊಂಡರು. ನಲವತ್ತರಲ್ಲಿ 0.06, ಐವತ್ತೈದರಲ್ಲಿ 0.10. ಮುಂದೆಯೂ ಅಳೆಯುತ್ತ ಹೋಗಿ ನಕ್ಷೆ ಎಳೆದರು. ನಲವತ್ತರ ಗೆರೆ ಹೆಚ್ಚುಕಡಿಮೆ ನೇರವಾಗಿ ಏರಿತ್ತು. ಐವತ್ತೈದರದ್ದು ಕಡಿದಾಗಿ ಹೊರಟು, ಒಂದು ನಿಮಿಷದೊಳಗೇ ಬಾಗಿ, ಆಮೇಲೆ ಮಲಗಿಬಿಟ್ಟಿತ್ತು.

“ಐವತ್ತೈದರಲ್ಲೇ ಜಾಸ್ತಿ ಸರ್,” ಎಂದರು.

“ಏನಮ್ಮ, ಇಷ್ಟು ವರ್ಷ ಇಲ್ಲಿ ಗಾಜು ತೊಳೆದಿದ್ದಷ್ಟೇನಾ? ಕೈಪಿಡಿ ಓದಿಲ್ವಾ?” ಮುಖ್ಯಸ್ಥರು ಕೇಳಿದರು.

“ಓದಿದೀನಿ ಸರ್. ಅದ್ರಲ್ಲಿರೋದು ಐದು ನಿಮಿಷದ ಸರಾಸರಿ. ನೀವು ಕೇಳಿದ್ದು ಆರಂಭದ ವೇಗ. ಬಿಸಿ ಹೆಚ್ಚಿದ್ರೆ ಕಿಣ್ವ ಮೊದಮೊದಲು ಜೋರಾಗೇ ಕೆಲಸ ಮಾಡುತ್ತೆ. ಆದ್ರೆ ಅದೇ ಬಿಸಿಗೆ ಅದರ ಆಕಾರ ಕೆಟ್ಟು, ನಿಮಿಷ ಕಳೆದ ಹಾಗೆ ಸಾಯ್ತಾ ಹೋಗುತ್ತೆ. ನೀವು ಐದು ನಿಮಿಷಕ್ಕೆ ಬಂದು ನೋಡಿದ್ರೆ ಹೆಣ ಕಾಣುತ್ತೆ, ಓಟ ಕಾಣಲ್ಲ.”

ಪ್ರಾಂಶುಪಾಲರು ಇತಿಹಾಸದವರು. ಮುಖ್ಯಸ್ಥರ ಕಡೆ ತಿರುಗಿ, “ಪುಸ್ತಕ ಏನು ಹೇಳುತ್ತೆ?” ಎಂದು ಕೇಳಿದರು. “ನಲವತ್ತು.” “ಹಾಗಾದ್ರೆ ಮುಗೀತಲ್ಲ.”

ಸೆಕೆಂಡಮ್ಮ ನನ್ನತ್ತ ನೋಡಿದರು. ಅವರು ಹೇಳಿದ್ದು ಅಕ್ಷರಶಃ ಸರಿಯೆಂದು ಸಮಿತಿಯಲ್ಲಿ ಬಲ್ಲವನು ನಾನೊಬ್ಬನೇ. ಮುಖ್ಯಸ್ಥರಿಗೆ ಮುಜುಗರವಾಗದಂತೆ ಆಮೇಲೆ ಖಾಸಗಿಯಾಗಿ ತಿಳಿಸೋಣವೆಂದುಕೊಂಡೆ. ಆ ‘ಆಮೇಲೆ’ ಬರುವ ಮುಂಚೆಯೇ ಆಯ್ಕೆಯ ಕಾಗದ ಬಂತು, ಸಹಿ ಹಾಕಿದೆ. ಹುದ್ದೆ ತರುಣನಿಗೆ ಹೋಯಿತು.

ಎರಡು ವಾರದ ಬಳಿಕ ನಾನು ಮುಖ್ಯಸ್ಥರಿಗೆ ಸೆಕೆಂಡಮ್ಮನ ಅಳತೆ, ನಕ್ಷೆಗಳನ್ನು ಸೇರಿಸಿ ಮೂರು ಪುಟಗಳ ಟಿಪ್ಪಣಿ ಕೊಟ್ಟೆ. ಅವರು ಅದನ್ನು ಓದಿದ್ದರೆಂಬುದು ಮರುವರ್ಷ ಖಚಿತವಾಯಿತು. ಕೈಪಿಡಿಯ ಹೊಸ ಆವೃತ್ತಿಯಲ್ಲಿ ಸೆಕೆಂಡಮ್ಮನ ಅಂಕಿಗಳೇ, ಅವರ ನಕ್ಷೆಯೇ ಅಚ್ಚಾಗಿದ್ದವು. ಹೆಸರು ಮುಖ್ಯಸ್ಥರದು. ಆಯ್ಕೆಯನ್ನು ಮರುಪರಿಶೀಲಿಸಬೇಕೆಂದು ನಾನು ಪ್ರಾಂಶುಪಾಲರಿಗೆ ಬರೆದ ಪತ್ರಕ್ಕೆ, ‘ತಾವೂ ಸಹಿ ಮಾಡಿರುತ್ತೀರಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆ ಸಾಲಿನಲ್ಲಿ ತಿದ್ದಬಹುದಾದ ತಪ್ಪೇನೂ ನನಗೆ ಸಿಗಲಿಲ್ಲ.

ಹೊಸ ಕೈಪಿಡಿ ಹಿಡಿದುಕೊಂಡು ಪ್ರಯೋಗಾಲಯಕ್ಕೆ ಹೋದೆ. ಕಾಯಂ ತರುಣ, ಇನ್ನೂ ತಾತ್ಕಾಲಿಕವಾಗಿಯೇ ಇದ್ದ ಸೆಕೆಂಡಮ್ಮನನ್ನು “ಅಕ್ಕಾ, ತೊಟ್ಟಿ ಎಷ್ಟಕ್ಕಿಡ್ಲಿ?” ಎಂದು ಕೇಳುತ್ತಿದ್ದ.

“ಐವತ್ತೈದು. ಥರ್ಮಾಮೀಟರ್ ನೋಡಿ ಇಡಪ್ಪ, ಗುಂಡಿ ಮೇಲಿರೋ ಅಂಕಿ ನಂಬಬೇಡ.”

ನಾನು ಪುಟ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಕೋಷ್ಟಕವನ್ನು ಸಾಲುಸಾಲಾಗಿ ಓದಿದರು.

“ಸರಿಯಾಗೇ ಅಚ್ಚು ಹಾಕಿದಾರೆ ಸರ್.”

“ನಾನು ಅವತ್ತೇ ಹೇಳಬೇಕಿತ್ತಮ್ಮ.”

“ಹೌದು ಸರ್,” ಎಂದರು. ನನಗೆ ಬೇಕಿದ್ದ ‘ಪರವಾಗಿಲ್ಲ’ವನ್ನು ಅವರು ಹೇಳಲಿಲ್ಲ. ಕೊರಳ ಸ್ಟಾಪ್‌ವಾಚನ್ನು ಸೊನ್ನೆಗೆ ತಂದು, ಬಾಗಿಲಲ್ಲಿ ಗುಂಪುಗೂಡಿದ್ದ ವಿದ್ಯಾರ್ಥಿಗಳನ್ನು ಒಳಗೆ ಕರೆದರು.