ಬಲತುದಿಯ ಶಿಖರ

ರಾಯಚೂರಿನ ಹೊರವಲಯದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನಕಮ್ಮ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅವರ ಮೇಲೆ ವಿದ್ಯಾರ್ಥಿಗಳಿಗೆ ಒಂದೇ ಸಿಟ್ಟು. ಏನು ಕೇಳಿದರೂ ಮೇಡಂ ಒಂದು ಕಡೆ ನಿಂತುಬಿಡುತ್ತಾರೆ: "ಇಲ್ಲಿತನಕ ಗೊತ್ತದ. ಇದರ ಮುಂದ ಗೊತ್ತಿಲ್ಲ." ಊಹೆ ಮಾಡಿ ಹೇಳಿ ಎಂದರೆ ಡಸ್ಟರ್ ಎತ್ತಿಕೊಂಡು ಬೋರ್ಡ್ ಒರೆಸಲು ಶುರು ಮಾಡುತ್ತಿದ್ದರು.

ಈ ಗುಣ ಅವರಿಗೆ ಮಾನ್ವಿಯಲ್ಲಿ ಬಂದದ್ದು, ಎಂಬತ್ತರ ದಶಕದ ಮೊದಲಲ್ಲಿ. ಅಪ್ಪ ರಾಮಲಿಂಗಪ್ಪ ಹತ್ತಿ ಬೀಜ ತೆಗೆಯುವ ಜಿನ್ನಿನಲ್ಲಿ ಹಮಾಲಿ. ಅವರ ಕೇರಿಯಿಂದ ಸಾಲಿಗೆ ಹೋಗುತ್ತಿದ್ದ ಹುಡುಗಿಯರೇ ಕಡಿಮೆ. ಒಂದು ದಿನ ಮಾಸ್ತರರ ಪೆನ್ನು ಕಳೆಯಿತು. ಯಾರು ನೋಡಿದಿರಿ ಎಂದಾಗ, ಮೇಜಿನ ಹತ್ತಿರ ಯಾರದೋ ಬೆನ್ನು ಮಾತ್ರ ಕಂಡಿದ್ದ ಕನಕಮ್ಮ "ವೆಂಕೋಬ ತಗೊಂಡಾನ್ರೀ" ಅಂದಳು. ವೆಂಕೋಬನ ಅಂಗೈ ಬಾಸುಂಡೆ ಎದ್ದಿತು. ಮರುದಿನ ಪೆನ್ನು ಮಾಸ್ತರರ ಮನೆಯಲ್ಲೇ ಸಿಕ್ಕಿತು. ಹೊಡೆದ ಮಾಸ್ತರರನ್ನು ಯಾರೂ ಏನೂ ಅನ್ನಲಿಲ್ಲ. ರಾಮಲಿಂಗಪ್ಪನನ್ನು ಜಿನ್ನಿನಿಂದ ಕರೆಸಿ, ಸಾಲಿಯ ಅಂಗಳದಲ್ಲಿ ಎಲ್ಲ ಮಕ್ಕಳೆದುರು ಕೈಮುಗಿಸಿ ನಿಲ್ಲಿಸಿದರು. ಈ ಕೇರಿಯವರ ನಾಲಿಗೆಗೆ ಎಲುಬಿಲ್ಲ ಎಂದು ಹೆಡ್ ಮಾಸ್ತರರು ಮಕ್ಕಳಿಗೆ ತಿಳಿಸಿ ಹೇಳಿದರು. ಅಪ್ಪನ ಮೀಸೆಗೆ ಅಂಟಿದ್ದ ಹತ್ತಿಯ ಎಳೆಗಳನ್ನು ನೋಡಿ ಹುಡುಗರು ನಗುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಅವಳನ್ನು ಹೊಡೆಯಲಿಲ್ಲ. "ಕಂಡಷ್ಟ ಹೇಳು. ಕಾಣದ್ದು ಒಂದಕ್ಷರ ಹೇಳಬ್ಯಾಡ. ಬ್ಯಾರೇರು ತಪ್ಪು ಮಾತಾಡಿದ್ರ ಮಾತು ತಪ್ಪು ಆಗ್ತದ. ನಾವು ತಪ್ಪು ಮಾತಾಡಿದ್ರ ನಮ್ಮ ಮಂದೀನ ತಪ್ಪು ಆಗ್ತದ" ಅಂದ.

ಕನಕಮ್ಮ ಆ ಮಾತನ್ನು ಹಿಡಿದುಕೊಂಡೇ ಓದಿದಳು. ಹೈದರಾಬಾದಿನಲ್ಲಿ ಲಿಥಿಯಂ-ಅಯಾನ್ ಸೆಲ್ಲುಗಳು ಹೇಗೆ ಮುಪ್ಪಾಗುತ್ತವೆ ಎಂಬುದರ ಮೇಲೆ ಪಿಎಚ್‌.ಡಿ. ಮಾಡಿ ರಾಯಚೂರಿಗೆ ಬಂದಳು. ಮದುವೆ ಆಗಲಿಲ್ಲ. ಕಾಲೇಜಿನಲ್ಲಿ ಸೆಲ್ ಪರೀಕ್ಷಿಸುವ ಯಂತ್ರ ಕೊಡಿಸಿಕೊಳ್ಳುವುದಕ್ಕೇ ಅವರ ನಡುವಯಸ್ಸು ಕಳೆಯಿತು. ಬ್ಯಾಟರಿ ಆಟೋಗಳು ಊರು ತುಂಬಿದಾಗ ಮಾತ್ರ ಆ ಯಂತ್ರ ಏನೆಂದು ಹೊರಗಿನವರಿಗೆ ಗೊತ್ತಾಯಿತು.

ಕರೆಮ್ಮ ಬಂದದ್ದು ಆಗ. ದೇವದುರ್ಗದ ಕಡೆಯ ಕುರಿಗಾರರ ಮನೆಯವಳು, ಗಂಡ ಸತ್ತವಳು. ಇದ್ದ ಕುರಿಗಳನ್ನೆಲ್ಲ ಮಾರಿ ರಾಯಚೂರಿನ ಒಂದು ಅಂಗಡಿಯಿಂದ ಬ್ಯಾಟರಿ ಆಟೋ ತಂದಿದ್ದಳು. ದೇವದುರ್ಗದಲ್ಲಿ ಆಟೋ ಹೊಡೆಯುವ ಹೆಂಗಸು ಅವಳೊಬ್ಬಳೇ. ಶುರುವಿನಲ್ಲಿ ಮಂದಿ ನೋಡಲಿಕ್ಕೆಂದೇ ಹತ್ತುತ್ತಿದ್ದರು. ವರ್ಷ ತುಂಬುವ ಮೊದಲೇ ಗಾಡಿ ಅರ್ಧ ದಾರಿಗೆ ನಿಲ್ಲತೊಡಗಿತು. ವಾರಂಟಿ ಕೇಳಿದರೆ ಅಂಗಡಿಯವರು, "ನೀ ಬಜಾರದ ದೊಡ್ಡ ಚಾರ್ಜರ್ ಹಾಕಿ ಬ್ಯಾಟರಿ ಕೆಡಿಸೀದಿ" ಅಂದರು. ಅವಳು ಹಾಕಿದ್ದು ಅವರೇ ಕೊಟ್ಟ ಚಾರ್ಜರ್. ಇನ್ನೊಂದು ಮಾತನ್ನೂ ಅವಳು ಹೇಳುತ್ತಿದ್ದಳು: ಗಾಡಿ ತರಲು ಹೋದಾಗ ಬ್ಯಾಟರಿಯನ್ನು ಹಿಂದಿನ ತಗಡಿನ ಶೆಡ್ಡಿನಿಂದ ತಂದು ಕೂಡಿಸಿದರು, ಅದರ ಮೇಲೆ ಬೆರಳ ದಪ್ಪ ಧೂಳಿತ್ತು.

ಆಟೋ ಸಂಘದವರು ಮಾತುಕತೆ ಮಾಡಿಸಿದರು. ನಿವೃತ್ತ ನ್ಯಾಯಾಧೀಶ ಜಹೀರುದ್ದೀನ್ ಸಾಹೇಬರು ಮಧ್ಯಸ್ಥರು. ಅವರು ಹೇಳಿದ್ದೇ ಕೊನೆ ಎಂದು ಎರಡೂ ಕಡೆಯವರು ಒಪ್ಪಿದರು. ಬ್ಯಾಟರಿ ಪರೀಕ್ಷೆಗೆ ಕನಕಮ್ಮನ ಲ್ಯಾಬಿಗೆ ಬಂತು. ಸೆಲ್ಲುಗಳ ಮೇಲೆ ತಯಾರಾದ ತಾರೀಖಿನ ಗುರುತನ್ನು ಯಾರೋ ಕೆರೆದು ತೆಗೆದಿದ್ದರು. ಕಾರ್ಖಾನೆಯಿಂದ ಹಾಗೆಯೇ ಬಂದಿದೆ ಎಂದು ಅಂಗಡಿಯವರು ಹೇಳಿಕೆ ಕೊಟ್ಟರು.

ಕನಕಮ್ಮ ಸೆಲ್ಲುಗಳನ್ನು ಒಂದೇ ಉಷ್ಣತೆಯಲ್ಲಿಟ್ಟು, ಇಡೀ ದಿನ ಹಿಡಿಯುವಷ್ಟು ನಿಧಾನವಾಗಿ ಚಾರ್ಜ್ ಮಾಡಿದರು. ಅದೇ ಮಾದರಿಯ ಹೊಸ ಸೆಲ್ಲನ್ನೂ ತರಿಸಿ ಹಾಗೇ ಮಾಡಿದರು. ವೋಲ್ಟೇಜು ಚೂರು ಚೂರೇ ಏರುವಾಗ ಪ್ರತಿ ಚೂರಿಗೆ ಎಷ್ಟು ಚಾರ್ಜು ಒಳಗೆ ಹೋಯಿತೆಂದು ಲೆಕ್ಕ ಹಾಕಿ ಗೆರೆ ಎಳೆದರೆ, ಅದೇ ಇನ್‌ಕ್ರಿಮೆಂಟಲ್ ಕೆಪಾಸಿಟಿ ಕರ್ವ್. ಗೆರೆಯಲ್ಲಿ ಸಣ್ಣ ದೊಡ್ಡ ಶಿಖರಗಳು ಏಳುತ್ತವೆ.

ಫಲಿತಾಂಶ ನೋಡಲು ಬಂದ ಕರೆಮ್ಮನಿಗೆ ಅವರು ಕಂಪ್ಯೂಟರಿನಲ್ಲಿ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು.

"ಚಾರ್ಜ್ ಮಾಡುವಾಗ ಲಿಥಿಯಂ ಒಂದು ಕಡಿಯಿಂದ ಹೊಂಟು ಇನ್ನೊಂದು ಕಡಿಯ ಗ್ರಾಫೈಟಿನೊಳಗ ಹೋಗಿ ಕೂಡ್ತದ. ಒಂದ ಸಲಕ್ಕ ಅಲ್ಲ, ಹಂತ ಹಂತವಾಗಿ. ಒಂದೊಂದು ಹಂತ ತುಂಬುವಾಗ ವೋಲ್ಟೇಜು ಹೆಚ್ಚು ಕದಲೂದಿಲ್ಲ, ಚಾರ್ಜು ಮಾತ್ರ ಭಾಳ ಹೋಗ್ತದ. ಅದಕ್ಕ ಅಲ್ಲಿ ಶಿಖರ ಏಳ್ತದ. ಈ ಬಲತುದೀದು ನೋಡು, ಇದು ಕಡೀ ಹಂತ."

"ನನ್ನ ಬ್ಯಾಟರಿದು ಅಲ್ಲಿ ಕುಗ್ಗೇದಲ್ರೀ."

"ಅರ್ಧಕ್ಕಿಂತ ಕಡಿಮಿ ಆಗೇದ. ಉಳದಾವು ಹೊಸದರಂಗ ನಿಂತಾವ. ಗ್ರಾಫೈಟು ಕೆಟ್ಟಿದ್ರ ಮೊದಲಿನ ಶಿಖರಗಳೂ ಸಣ್ಣ ಆಗ್ತಿದ್ದವು. ಒಳಗಿನ ತಡೆ ಹೆಚ್ಚಾಗಿದ್ರ ಎಲ್ಲಾ ಶಿಖರ ಬಲಕ್ಕ ಸರೀತಿದ್ದವು. ಎರಡೂ ಆಗಿಲ್ಲ. ಗ್ರಾಫೈಟಿನ್ಯಾಗ ಜಾಗ ಅದ, ತುಂಬಾಕ ಲಿಥಿಯಂ ಸಾಲಂಗಿಲ್ಲ. ಅದಕ್ಕ ಕಡೀ ಹಂತ ತುಂಬೂದ್ರಾಗ ಚಾರ್ಜು ಮುಗೀತದ."

"ಲಿಥಿಯಂ ಎಲ್ಲಿ ಹೋತ್ರೀ?"

ಕನಕಮ್ಮ ಎರಡು ಗೆರೆಗಳನ್ನು ಮತ್ತೆ ನೋಡಿದರು. ತುಂಬಿದ ಬ್ಯಾಟರಿಯನ್ನು ಬಿಸಿಯಲ್ಲಿ ಬಹಳ ಕಾಲ ಇಟ್ಟರೆ ಗ್ರಾಫೈಟಿನ ಮೇಲೆ ಒಂದು ಪೊರೆ ದಪ್ಪಗಾಗುತ್ತ ಲಿಥಿಯಂ ತಿನ್ನುತ್ತದೆ. ಜೋರಾಗಿ ಚಾರ್ಜ್ ಮಾಡಿದರೂ ಲಿಥಿಯಂ ಒಳಗೆ ಹೋಗಲಾರದೆ ಮೇಲೆಯೇ ಲೋಹವಾಗಿ ಅಂಟಿ ವ್ಯರ್ಥವಾಗುತ್ತದೆ. ಎರಡರಲ್ಲೂ ಕುಗ್ಗುವುದು ಬಲತುದಿಯ ಶಿಖರವೇ. ರಾಯಚೂರಿನ ಬಿಸಿಲು, ತಗಡಿನ ಶೆಡ್ಡು, ಕೆರೆದ ತಾರೀಖು, ಎಲ್ಲ ನೆನೆದರೆ ಮೊದಲನೆಯದೇ ನಿಜವೆಂದು ಅವರ ಮನಸ್ಸು ಹೇಳುತ್ತಿತ್ತು. ಗೆರೆ ಹೇಳುತ್ತಿರಲಿಲ್ಲ.

"ವಿಚಾರಣಿಯೊಳಗ ಹೇಳ್ತೀನಿ" ಅಂದರು.

ವಿಚಾರಣೆ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಸಂಘದ ಆಫೀಸಿನ ಮೇಲಿನ ಕೋಣೆಯಲ್ಲಿ ನಡೆಯಿತು. ಅಂಗಡಿಯ ಪರ ವಕೀಲ ಮರಿಸ್ವಾಮಿ, ಮೆಲ್ಲಗೆ ಮಾತಾಡುವ ಮನುಷ್ಯ. ಮೊದಲು ಕರೆಮ್ಮನ ಕೈಗೆ ಒಂದು ಚಾರ್ಜರ್ ಕೊಟ್ಟು ಮೇಲಿನ ಅಕ್ಷರ ಓದಲು ಹೇಳಿದರು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಓದಾಕ ಬರಂಗಿಲ್ರೀ."

"ಹಂಗಾದ್ರ ನೀ ಹಾಕಿದ್ದು ಯಾವ ಚಾರ್ಜರ್ ಅಂತ ನಿನಗ ಹೆಂಗ ಗೊತ್ತವ್ವಾ?"

ಹಿಂದೆ ಕೂತಿದ್ದ ಆಟೋದವರಲ್ಲೇ ಕೆಲವರು ನಕ್ಕರು. ಮರಿಸ್ವಾಮಿ ನಗು ಮುಗಿಯುವವರೆಗೆ ಕಾದರು. ಆಮೇಲೆ ಕನಕಮ್ಮನ ಕಡೆ ತಿರುಗಿದರು.

"ಮೇಡಂರೀ, ಲಿಥಿಯಂ ಕಡಿಮಿ ಆಗೇದ ಅಂತ ಬರದೀರಿ. ಜೋರು ಚಾರ್ಜರ್ ಹಾಕಿದ್ರೂ ಹಿಂಗ ಆಗ್ತದೇನ್ರೀ?"

"ಆಗ್ತದ. ಆದ್ರ ನಮ್ಮ ಬಿಸಿಲಿನ್ಯಾಗ ಅದು ಆಗೋ ಸಾಧ್ಯತೆ ಕಡಿಮಿ. ಅದು ಹೆಚ್ಚು ಥಂಡಿಯೊಳಗ—"

"ಸಾಧ್ಯತೆ ಬ್ಯಾಡ್ರಿ. ಶೆಡ್ಡಿನ ಬಿಸಿಯಿಂದ ಕೆಟ್ಟದ್ದೋ, ಚಾರ್ಜರಿಂದ ಕೆಟ್ಟದ್ದೋ, ನಿಮ್ಮ ಗೆರಿ ಹೇಳ್ತದೋ ಇಲ್ಲೋ?"

ಕರೆಮ್ಮ ಅವರನ್ನೇ ನೋಡುತ್ತಿದ್ದಳು.

"ಗೆರಿಯೊಂದರಿಂದ ಹೇಳಾಕ ಬರಂಗಿಲ್ಲ" ಎಂದರು ಕನಕಮ್ಮ. "ಒಂದು ಸೆಲ್ ಬಿಚ್ಚಿ ನೋಡಾಕ ಬಿಟ್ರ ಹೇಳಬಹುದು. ಲೋಹ ಅಂಟಿದ್ರ ಗ್ರಾಫೈಟಿನ ಮ್ಯಾಲೆ ಬೂದು ಬಣ್ಣದ ಕಲಿ ಕಾಣಸ್ತಾವ."

ತಕರಾರಿನಲ್ಲಿರುವ ಮಾಲನ್ನು ಒಡೆಯಲು ತಮ್ಮ ಕಕ್ಷಿದಾರರು ಒಪ್ಪುವುದಿಲ್ಲ ಎಂದರು ಮರಿಸ್ವಾಮಿ. ಎರಡೂ ಕಡೆಯವರು ಒಪ್ಪದೆ ಒಡೆಸುವ ಅಧಿಕಾರ ತಮಗಿಲ್ಲ ಎಂದರು ಜಹೀರುದ್ದೀನ್ ಸಾಹೇಬರು. ದೂರು ಸಾಬೀತಾಗಿಲ್ಲವೆಂದು ತೀರ್ಮಾನವಾಯಿತು.

ಮೆಟ್ಟಿಲ ಹತ್ತಿರ ಕರೆಮ್ಮ ಕನಕಮ್ಮನನ್ನು ನಿಲ್ಲಿಸಿದಳು. "ನಿಮಗ ಏನ ಅನಸ್ತದ್ರಿ, ನಾ ಕೆಡಿಸೀನೇನು?"

"ಅನಸೂದು ಬ್ಯಾರೆ."

"ಅನಸಿದ್ದನ್ನಾರ ಹೇಳಬೇಕಿತ್ತಲ್ರೀ. ಅವ್ರು ಎಲ್ಲಾ ಅನಸಿದ್ದ ಹೇಳಿದ್ರು." ಅವಳು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು.

ಅಂಗಡಿಯವರು ವಿಚಾರಣೆಯ ಕನಕಮ್ಮನ ಆ ಒಂದು ಮಾತನ್ನು ಬಿಡಲಿಲ್ಲ. ಬ್ಯಾಟರಿ ಕೆಟ್ಟಿತೆಂದು ಯಾರು ಬಂದರೂ, ಕಾಲೇಜಿನ ಮೇಡಂ ಅವರೇ ಹೇಳಿದ್ದಾರೆ, ಶೆಡ್ಡಿನದು ತಪ್ಪೆಂದು ಹೇಳಲು ಬರುವುದಿಲ್ಲ ಎನ್ನತೊಡಗಿದರು. ಗಿಲ್ಲೆಸುಗೂರಿನ ಆಟೋದವ ಮೆಹಬೂಬ್ ಪಾಷಾ ಈ ಮಾತು ಕೇಳಿಸಿಕೊಂಡು, ಕೆಟ್ಟ ಬ್ಯಾಟರಿಯನ್ನು ಹೊತ್ತು ನೇರ ಲ್ಯಾಬಿಗೆ ಬಂದ. ಮೇಜಿನ ಮೇಲೆ ಅದನ್ನು ಇಟ್ಟು, ಕೂಡದೆ ನಿಂತೇ ಕೇಳಿದ.

"ನೀವು ಅವರ ಕಡಿಯೋರಾ?"

"ಅಲ್ಲ."

"ಅಂಗಡ್ಯಾಗ ನಿಮ್ಮ ಹೆಸರ ಹೇಳಿ ನನ್ನ ಹೊರಗ ಹಾಕಿದ್ರು."

ಅದೇ ಅಂಗಡಿಯ, ಅದೇ ಹಂಗಾಮಿನಲ್ಲಿ ಕೊಂಡ ಬ್ಯಾಟರಿ. ಕನಕಮ್ಮ ಅದರ ಗೆರೆ ತೆಗೆದರು. ಬಲತುದಿಯ ಶಿಖರ ಅದೇ ರೀತಿ ಕುಗ್ಗಿತ್ತು, ಉಳಿದವು ಜಾಗ ಬಿಟ್ಟು ಕದಲಿರಲಿಲ್ಲ. ಒಂದು ಸೆಲ್ ಬಿಚ್ಚಲೇನು ಎಂದು ಕೇಳಿದರು. "ಹೆಣಕ್ಕ ಏನು ಮಾಡಿದ್ರೂ ನೋವಾಗಂಗಿಲ್ಲ, ಬಿಚ್ಚರಿ" ಅಂದ ಪಾಷಾ.

ಸೆಲ್ಲನ್ನು ಪೂರ್ತಿ ಖಾಲಿ ಮಾಡಿ, ಗಾಳಿ ತಾಗದಂತೆ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸಿನ ತೋಳುಗಳಲ್ಲಿ ಕೈ ತೂರಿಸಿ ಅವರು ಅದನ್ನು ಬಿಚ್ಚಿದರು. ಗ್ರಾಫೈಟಿನ ಹಾಳೆಯನ್ನು ಸುರುಳಿ ಬಿಡಿಸಿ ಕೊನೆಯವರೆಗೂ ನೋಡಿದರು. ಒಂದೇ ಸಮನಾದ ಕಪ್ಪು. ಬೂದು ಕಲೆ ಎಲ್ಲೂ ಇರಲಿಲ್ಲ. ಜೋರು ಚಾರ್ಜರ್ ಈ ಸೆಲ್ಲನ್ನು ಕೊಂದಿರಲಿಲ್ಲ.

ಅವರು ಫೋಟೋ ತೆಗೆದು, ಸಂಘದವರಿಗೆ ತೋರಿಸಿ, ಕರೆಮ್ಮನ ದೂರನ್ನು ಮತ್ತೆ ಎತ್ತಬಹುದೇ ಎಂದು ಕೇಳಿದರು. ಬರುವುದಿಲ್ಲ, ಕೊನೆ ಎಂದರೆ ಕೊನೆ ಎಂದರು ಸಂಘದವರು. ಕರೆಮ್ಮ ಆಟೋ ಮಾರಿದ್ದಳು, ಅದರ ಸೆಲ್ಲುಗಳು ಆಗಲೇ ಗುಜರಿ ಸೇರಿದ್ದವು. ಪಾಷಾನ ಬ್ಯಾಟರಿ ತನ್ನ ಮಾತಷ್ಟೇ ಹೇಳುತ್ತದೆ, ಕರೆಮ್ಮನದನ್ನಲ್ಲ ಎಂಬುದು ಕನಕಮ್ಮನಿಗೂ ಗೊತ್ತಿತ್ತು. ಆದರೂ ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದರು.

ಕರೆಮ್ಮ ಊರ ಹೊರಗಿನ ಗುಡ್ಡದ ಬುಡದಲ್ಲಿ ಸಿಕ್ಕಳು. ಕುರಿ ಮೇಯಿಸುತ್ತಿದ್ದಳು. ಕುರಿಗಳು ಅವಳವಲ್ಲ, ಅವಳಿಂದ ಕುರಿ ಕೊಂಡವನವು. ಅವುಗಳಲ್ಲಿ ಕೆಲವು ಅವಳೇ ಸಾಕಿದವು, ಅವಳು ಕರೆದರೆ ಇನ್ನೂ ತಲೆ ಎತ್ತುತ್ತಿದ್ದವು.

ಕನಕಮ್ಮ ಮೊಬೈಲಿನಲ್ಲಿ ಕಪ್ಪು ಹಾಳೆಯ ಫೋಟೋ ತೋರಿಸಿ ಎಲ್ಲ ಹೇಳಿದರು. ಕರೆಮ್ಮ ಕೋಲಿನ ಮೇಲೆ ಗದ್ದ ಊರಿ ಕೇಳಿಸಿಕೊಂಡಳು.

"ಅಂದ್ರ ನಾ ಕೆಡಿಸಿಲ್ಲ."

"ನಿನ್ನ ಸೆಲ್ ನಾ ಬಿಚ್ಚಿಲ್ಲ. ಆದ್ರ ನೀ ಕೆಡಿಸಿಲ್ಲ ಅಂತ ನನಗ ಅನಸ್ತದ."

ಇಷ್ಟು ವರ್ಷದಲ್ಲಿ ಕಾಣದ್ದೊಂದನ್ನು ಅವರು ಮೊದಲ ಸಲ ಬಾಯಿಬಿಟ್ಟು ಹೇಳಿದ್ದರು.

"ಗಾಡಿ ತಿರುಗಿ ಬರ್ತದೇನ್ರೀ?"

"ಇಲ್ಲ."

"ಅವತ್ತು ನಕ್ಕೋರನ್ನ ಕರೆಸಿ ಹೇಳ್ತೀರೇನು?"

"ಹೇಳಾಕ ಆಗಂಗಿಲ್ಲ."

"ಮತ್ತ ಇಲ್ಲೀತನ ಯಾಕ ಬಂದ್ರಿ? ನನಗಂತೂ ಮೊದಲ ಗೊತ್ತಿತ್ತು." ಕರೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಹೊಟ್ಟಿಯೊಳಗಿಂದು ಇಳಿಸಾಕ ಬಂದೀರಿ. ಇಳೀತೋ ಇಲ್ಲೋ? ಹೋಗ್ರಿ, ಕುರಿ ಬೆದರತಾವ."

ಕನಕಮ್ಮ ಮೊಬೈಲನ್ನು ಚೀಲದಲ್ಲಿ ಹಾಕಿಕೊಂಡರು. ಕುಡಿಯಲು ನೀರು ಕೇಳಬೇಕೆಂದುಕೊಂಡು ಕೇಳಲಿಲ್ಲ. ರಸ್ತೆಯವರೆಗೆ ಉಳುಮೆಯಾದ ಹೊಲದಲ್ಲಿ ನಡೆಯಬೇಕಿತ್ತು. ತಿರುಗಿ ನೋಡಿದಾಗ ಕರೆಮ್ಮ ಗುಡ್ಡದ ಆಚೆ ಬದಿಗೆ ಕುರಿಗಳನ್ನು ಹೊಡೆದುಕೊಂಡು ಹೊರಟಿದ್ದಳು.